ಪುಟ್ಟ ರಿಕವರಿ ರೂಮಿಗೆ ವಿಆರ್‌ಎಫ್ ಎಸಿ: ಎಲ್ಲ ಗ್ಯಾಸ್ ಒಳಗೇ ಸೋರಿದರೆ ಲೆಕ್ಕ ಹೇಗೆ?

ಸೈಟ್_ಸುಮಾ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಒಂದು ಡೇ ಕೇರ್ ಕ್ಲಿನಿಕ್ ಕೆಲಸ ನಡೀತಿದೆ, ನಾನು ಸೈಟ್ ಇಂಜಿನಿಯರ್. ಎಸಿ ವಿಆರ್‌ಎಫ್, ಅಂದರೆ ಒಂದೇ ಔಟ್‌ಡೋರಿಗೆ ಹಲವು ಇಂಡೋರ್ ಕಟ್ಟುವ ಜಾತಿ. ಮೇಲೆ 10 ಎಚ್‌ಪಿ ಔಟ್‌ಡೋರ್ ಒಂದು, ಕೆಳಗೆ 7 ಇಂಡೋರ್, ಗ್ಯಾಸ್ ಆರ್-410ಎ. ಎಂಡೋಸ್ಕೋಪಿ ಆದವರನ್ನು ಸ್ವಲ್ಪ ಹೊತ್ತು ಮಲಗಿಸುವ ರಿಕವರಿ ರೂಮಿನಲ್ಲೂ ಸೀಲಿಂಗಿನಲ್ಲಿ ಕೂರುವ ಇಂಡೋರ್, ಅಂದರೆ ಕ್ಯಾಸೆಟ್ ಒಂದು ಇದೆ. ಆ ರೂಮು ಬರೀ 3 ಮೀಟರ್ ಉದ್ದ, 2.4 ಮೀಟರ್ ಅಗಲ. ಫಾಲ್ಸ್ ಸೀಲಿಂಗ್ 2.6 ಮೀಟರಿಗೆ. ಒಂದೇ ಬಾಗಿಲು, ಕಿಟಕಿ ಇಲ್ಲ.

ಕನ್ಸಲ್ಟೆಂಟ್ ಡ್ರಾಯಿಂಗ್ ಮೇಲೆ ಕೆಂಪು ಶಾಯಿಯಲ್ಲಿ "ಗ್ಯಾಸ್ ಸಾಂದ್ರತೆ ಮಿತಿಯ ಲೆಕ್ಕ ಕೊಡಿ" ಅಂತ ಒಂದೇ ಸಾಲು ಬರೆದು ಕಳಿಸಿದ್ದಾರೆ. ಎಸಿ ಗುತ್ತಿಗೆದಾರರನ್ನು ಕೇಳಿದರೆ "ಇಷ್ಟು ವರ್ಷದಲ್ಲಿ ಯಾರೂ ಇದನ್ನ ಕೇಳಿಲ್ಲ ಮೇಡಂ" ಅಂತಾರೆ. ಔಟ್‌ಡೋರ್ ಪ್ಲೇಟಿನ ಮೇಲೆ 8.4 ಕೆಜಿ ಅಂತಿದೆ. ಲಿಕ್ವಿಡ್ ಪೈಪು 9.52 ಎಂಎಂ ಸುಮಾರು 42 ಮೀಟರ್, 6.35 ಎಂಎಂ ಸುಮಾರು 35 ಮೀಟರ್. ಇದನ್ನ ಹೇಗೆ ಲೆಕ್ಕ ಹಾಕೋದು? ಮಿತಿ ಮೀರಿದರೆ ಏನು ಮಾಡೋದು?

ಹುಬ್ಳಿ_ಕೂಲಿಂಗ್

ಮೇಡಂ, ಇದಕ್ಕೆ ಜಾಸ್ತಿ ತಲೆ ಕೆಡಿಸ್ಕೋಬೇಡಿ. ಪೈಪಿನ ಗ್ಯಾಸೂ ಸೇರಿಸಿದರೆ ಒಟ್ಟು ಹನ್ನೊಂದೂವರೆ ಕೆಜಿ ಆಸುಪಾಸು ಬರುತ್ತೆ. ಏಳು ಇಂಡೋರ್ ಇವೆ, ಏಳರಿಂದ ಭಾಗಿಸಿ. ಒಂದೊಂದಕ್ಕೆ ಒಂದೂ ಮುಕ್ಕಾಲು ಕೆಜಿನೂ ಬರಲ್ಲ. ಆ ರೂಮಿಗೆ ಅದು ಲೆಕ್ಕಕ್ಕೇ ಇಲ್ಲ. ಆರ್-410ಎ ವಿಷವೂ ಅಲ್ಲ, ಬೆಂಕಿಯೂ ಹಿಡಿಯಲ್ಲ. ಹಾಗೇ ಬರೆದು ಕೊಟ್ಟುಬಿಡಿ.

ಕುಡ್ಲ_ಕಮಿಷನಿಂಗ್

ಹುಬ್ಳಿಯವರೇ, ವಿಷ ಅಲ್ಲ, ಬೆಂಕಿ ಹಿಡಿಯಲ್ಲ, ಎರಡೂ ಸರಿ. ಆದರೆ ಏಳರಿಂದ ಭಾಗಿಸೋದು ತಪ್ಪು.

ಏಳೂ ಇಂಡೋರ್ ಒಂದೇ ಪೈಪಿನ ಜಾಲದಲ್ಲಿವೆ. ರಿಕವರಿ ರೂಮಿನ ಕ್ಯಾಸೆಟ್ಟಿನ ಒಂದು ಫ್ಲೇರ್ ನಟ್ ಬಿಟ್ಟುಕೊಂಡರೆ ಮೇಲಿನ ಔಟ್‌ಡೋರ್, ಪಕ್ಕದ ಓಪಿಡಿ, ರಿಸೆಪ್ಷನ್ ಎಲ್ಲದರ ಗ್ಯಾಸೂ ಅದೇ ತೂತಿಗೆ ಹರಿದು ಬರುತ್ತೆ. ಯಂತ್ರ ನಿಂತಾಗ ಎಕ್ಸ್‌ಪಾನ್ಷನ್ ವಾಲ್ವ್ ಮುಚ್ಚಿಕೊಳ್ಳುತ್ತಲ್ವಾ ಅನ್ನಬಹುದು. ಅದು ಇರೋದು ಲಿಕ್ವಿಡ್ ಕಡೆ. ದಪ್ಪ ಗ್ಯಾಸ್ ಪೈಪಿನಲ್ಲಿ ತಡೆಯೋಕೆ ಏನೂ ಇಲ್ಲ. ಅದಕ್ಕೇ ನಿಯಮ ಒಂದು ಸರ್ಕ್ಯೂಟಿನ ಪೂರ್ತಿ ಗ್ಯಾಸನ್ನು ಅತಿ ಚಿಕ್ಕ ರೂಮಿನ ಗಾಳಿಯ ಜಾಗಕ್ಕೆ ಹೋಲಿಸಿ ನೋಡುತ್ತೆ.

ಸುಮಾ ಅವರೇ, ನಿಮ್ಮ ಅಂಕಿಗಳಿಂದಲೇ ಹಾಕೋಣ. ಆರ್-410ಎಗೆ ಹಲವು ಕೈಪಿಡಿಗಳಲ್ಲಿ 9.52 ಎಂಎಂ ಲಿಕ್ವಿಡ್ ಪೈಪಿಗೆ ಮೀಟರಿಗೆ 0.059 ಕೆಜಿ, 6.35ಕ್ಕೆ 0.022 ಕೆಜಿ ಅಂತ ಇರುತ್ತೆ. ನಿಮ್ಮ ಮಾಡೆಲಿನ ಕೈಪಿಡಿಯಲ್ಲಿ ಒಮ್ಮೆ ತಾಳೆ ನೋಡಿಕೊಳ್ಳಿ, ಕೆಲವರು ಇಂಡೋರ್ ಲೆಕ್ಕಕ್ಕೂ ಸ್ವಲ್ಪ ಸೇರಿಸಿರ್ತಾರೆ. 42 ಮೀಟರಿಗೆ 2.48 ಕೆಜಿ, 35 ಮೀಟರಿಗೆ 0.77 ಕೆಜಿ. ಪ್ಲೇಟಿನ 8.4ಕ್ಕೆ ಕೂಡಿದರೆ 11.65 ಕೆಜಿ.

ರೂಮಿನ ಜಾಗ 3 × 2.4 × 2.6, ಅಂದರೆ 18.72 ಘನಮೀಟರ್. ಭಾಗಿಸಿ. ಘನಮೀಟರಿಗೆ 0.62 ಕೆಜಿ.

ಆರ್-410ಎಗೆ ಅಮೆರಿಕದ ಎಸಿ ಇಂಜಿನಿಯರುಗಳ ಸಂಸ್ಥೆ ಆಶ್ರೇ ಕೊಟ್ಟ ಮಿತಿ 0.42. ಮೀರಿತು, ಅದೂ ಅರ್ಧದಷ್ಟು ಜಾಸ್ತಿ. ಈ 11.65 ಕೆಜಿಗೆ ಕನಿಷ್ಠ 27.7 ಘನಮೀಟರ್ ರೂಮು ಬೇಕಿತ್ತು.

ಇಲ್ಲಿ ಮಿತಿ ಇರೋದು ವಿಷದ ಭಯಕ್ಕಲ್ಲ, ಉಸಿರಿಗೆ. ಗ್ಯಾಸು ಗಾಳಿಯನ್ನು ಪಕ್ಕಕ್ಕೆ ತಳ್ಳಿ ತಾನು ಕೂತುಕೊಳ್ಳುತ್ತೆ. 0.42 ಅಂದರೆ ಗಾಳಿಯಲ್ಲಿ ಸುಮಾರು 14 ಪರ್ಸೆಂಟ್ ಗ್ಯಾಸು. ಉಸಿರಾಡುವ ಆಮ್ಲಜನಕವೂ ಅದೇ ಪ್ರಮಾಣದಲ್ಲಿ ಕಮ್ಮಿ ಆಯಿತು.

ಎರಡು_ಬೆಡ್‌ರೂಮ್

ಇದನ್ನ ಓದಿ ಭಯ ಆಗ್ತಿದೆ. ನಮ್ಮ ಮನೆ ಬೆಡ್‌ರೂಮಲ್ಲಿ ಒಂದೂವರೆ ಟನ್ ಸ್ಪ್ಲಿಟ್ ಇದೆ, ಆರ್-32. ಮಗು ಅಲ್ಲೇ ಮಲಗುತ್ತೆ. ಹೋದ ವರ್ಷ ಗ್ಯಾಸ್ ಹೋಗಿತ್ತು, ತುಂಬಿಸಿದ್ವಿ. ಈಗ ತೆಗೆಸಿಬಿಡಬೇಕಾ?

ಕುಡ್ಲ_ಕಮಿಷನಿಂಗ್

ತೆಗೆಸಬೇಡಿ ಅಣ್ಣಾ. ನಿಮ್ಮದು ಬೇರೆಯೇ ಕಥೆ. ಒಂದೇ ಇಂಡೋರಿನ ಸ್ಪ್ಲಿಟ್ಟಿನಲ್ಲಿ ಒಟ್ಟು ಗ್ಯಾಸೇ ಒಂದು ಕೆಜಿ ಆಸುಪಾಸು. ಸಾಮಾನ್ಯ ಬೆಡ್‌ರೂಮು 30 ಘನಮೀಟರ್ ಅಂದುಕೊಂಡರೂ ಘನಮೀಟರಿಗೆ 0.033 ಕೆಜಿ. ಆರ್-32 ಸ್ವಲ್ಪ ಬೆಂಕಿ ಹಿಡಿಯುವ ಜಾತಿ, ಅದಕ್ಕೇ ಅದರ ಮಿತಿ ಬಹಳ ಕಡಿಮೆ. ಯುರೋಪಿನ ಲೆಕ್ಕದಲ್ಲಿ 0.061. ಆದರೂ ನೀವು ಅದರ ಒಳಗೇ ಇದ್ದೀರಿ. ನಿಮ್ಮ ಚಿಂತೆ ಇರಬೇಕಾದ್ದು ಸೋರಿದ ಜಾಗ ಹುಡುಕಿ ಮುಚ್ಚಿದರೋ, ಸುಮ್ನೆ ಗ್ಯಾಸ್ ತುಂಬಿಸಿ ಹೋದರೋ ಅನ್ನೋದು.

ಮೈಸೂರು_ಎಂಇಪಿ

ಕುಡ್ಲದವರ ಲೆಕ್ಕ ಸರಿ ಇದೆ, ಆದರೆ ಒಂದು ಮಾತು ಬಿಟ್ಟುಹೋಗಿದೆ. ರೋಗಿ ಅರೆಮಂಪರಿನಲ್ಲಿ ಇರ್ತಾರಲ್ವಾ? ತಾವಾಗೇ ಎದ್ದು ಹೋಗೋಕೆ ಆಗದವರು ಇರುವ ಜಾಗಕ್ಕೆ ಆಶ್ರೇಯ ಸುರಕ್ಷತಾ ಮಾನದಂಡ, ಆಶ್ರೇ 15, ಈ ಮಿತಿಯನ್ನು ಅರ್ಧ ಮಾಡುತ್ತೆ. ಆಗ ಮಿತಿ 0.21. ರೂಮು 55 ಘನಮೀಟರ್ ದಾಟಬೇಕು. ಇದು ಡೇ ಕೇರ್, ಆಸ್ಪತ್ರೆ ವಾರ್ಡ್ ಅಲ್ಲ, ಹಾಗಾಗಿ 0.42 ಸಾಕು ಅಂತ ವಾದ ಮಾಡೋ ಕನ್ಸಲ್ಟೆಂಟರನ್ನೂ ನೋಡಿದ್ದೇನೆ. ನನ್ನ ಪ್ರಕಾರ ಬಾಗಿಲ ಮೇಲಿನ ಬೋರ್ಡು ನೋಡಬಾರದು, ಹಾಸಿಗೆ ಮೇಲೆ ಮಲಗಿದವರನ್ನ ನೋಡಬೇಕು. ಸೆಡೇಷನ್ ಇಳಿಯದ ಮನುಷ್ಯ ಅಲಾರಂ ಕೇಳಿ ಎದ್ದು ಓಡಲ್ಲ.

ಇನ್ನೊಂದು. ಆರ್-410ಎಗೆ ಬೇರೆ ಬೇರೆ ಕಡೆ ಬೇರೆ ಅಂಕಿ ಸಿಗುತ್ತೆ. ಯುರೋಪಿನ ಕೈಪಿಡಿಗಳಲ್ಲಿ 0.44, ಜಪಾನಿನ ಹಳೇ ಕೈಪಿಡಿಗಳಲ್ಲಿ 0.3. ನಮ್ಮಲ್ಲಿ ಐಎಸ್ 16678 ಇದೆ, ಅದು ಐಎಸ್‌ಒ 5149 ಅನ್ನೇ ತೆಗೆದುಕೊಂಡಿರೋದು. ಯಾವುದನ್ನ ಹಿಡಿದು ಲೆಕ್ಕ ಹಾಕಿದ್ರಿ ಅಂತ ಹಾಳೆಯ ಮೇಲೇ ಬರೀರಿ. ಇಲ್ಲದಿದ್ದರೆ ಆಮೇಲೆ ಜಗಳ.

ಹುಬ್ಳಿ_ಕೂಲಿಂಗ್

ಆಯ್ತು, ಭಾಗಿಸೋದು ಬಿಡಿ. ಆದರೆ ನಾನು ಕೈಯಾರೆ ಮಾಡಿರೋ ಕೆಲಸದಿಂದ ಹೇಳ್ತೀನಿ. ಸೋರಿಕೆ ಯಾವತ್ತೂ ಸೂಜಿ ಮೊನೆಯಷ್ಟು ತೂತಿಂದ. ತಿಂಗಳುಗಟ್ಟಲೆ ಹೋಗುತ್ತೆ. ಕೂಲಿಂಗ್ ಕಮ್ಮಿ ಆಯ್ತು ಅಂತ ಫೋನ್ ಬರುತ್ತೆ, ಹೋಗಿ ನೋಡಿದ್ರೆ ಫ್ಲೇರ್ ನಟ್ ಸುತ್ತ ಎಣ್ಣೆ ಜಿಡ್ಡು, ಅದರ ಮೇಲೆ ಧೂಳು ಕೂತು ಕಪ್ಪಾಗಿರುತ್ತೆ. ಸೋಪ್ ನೀರು ಹಚ್ಚಿದ್ರೆ ಸಣ್ಣ ಗುಳ್ಳೆ. ಅಷ್ಟೇ. ಹನ್ನೊಂದು ಕೆಜಿ ಒಂದೇ ಸಲಕ್ಕೆ ಯಾವ ರೂಮಲ್ಲಿ ಸುರಿದಿದೆ?

ಕುಡ್ಲ_ಕಮಿಷನಿಂಗ್

ನೀವು ಹೇಳಿದ ಸೋರಿಕೆಗೆ ಈ ಲೆಕ್ಕ ಬೇಕಾಗೇ ಇಲ್ಲ, ಒಪ್ಪಿದೆ. ಬಾಗಿಲು ದಿನಕ್ಕೆ ಇಪ್ಪತ್ತು ಸಲ ತೆಗೆಯುವ ರೂಮಿನಲ್ಲಿ ಅಂಥ ಗ್ಯಾಸು ಸೇರಿಕೊಳ್ಳೋದೇ ಇಲ್ಲ. ಲೆಕ್ಕ ಇರೋದು ಇನ್ನೊಂದು ಜಾತಿಗೆ. ಪರದೆ ಕಂಬಿ ಹಾಕೋಕೆ ಬಂದ ಬಡಗಿ ಗೋಡೆಯೊಳಗಿನ ಪೈಪಿಗೇ ಡ್ರಿಲ್ ಇಡುತ್ತಾನೆ. ಬ್ರೇಜಿಂಗ್ ಸರಿ ಆಗದ ಜಾಯಿಂಟ್ ಅಲುಗಾಟಕ್ಕೆ ಬಿಟ್ಟುಕೊಳ್ಳುತ್ತೆ. ಟಾರ್ಕ್ ರೆಂಚ್ ಇಲ್ಲದೆ ಜೋರಾಗಿ ತಿರುಗಿಸಿದ ಫ್ಲೇರ್ ಕಾಲರ್ ಸೀಳುತ್ತೆ. ಆಗ ಉಸ್ ಅಂತ ಶಬ್ದ ಬರುತ್ತೆ, ಬಿಳಿ ಮಂಜಿನ ಹಾಗೆ ಕಾಣುತ್ತೆ, ಬಹಳಷ್ಟು ಗ್ಯಾಸು ನಿಮಿಷಗಳಲ್ಲಿ ಒಳಗೆ. ಅಪರೂಪ, ಆದರೆ ಆಗುತ್ತೆ. ನಿಮ್ಮ ಅನುಭವದಲ್ಲಿ ಬರದಿದ್ದರೆ ಒಳ್ಳೇದೇ.

ಸೈಟ್_ಸುಮಾ

ಧನ್ಯವಾದ ಸರ್. ಹಾಗಾದರೆ ಎರಡು ಮಿತಿಯಲ್ಲೂ ನಮ್ಮ ರೂಮು ಫೇಲ್. ಈಗ ದಾರಿ ಏನು? ಕಾರಿಡಾರ್ ಪಕ್ಕದಲ್ಲೇ ಇದೆ, 9 ಮೀಟರ್ ಉದ್ದ, 1.8 ಅಗಲ, ಎತ್ತರ ಅದೇ 2.6. ಅದರ ಜಾಗ ಸೇರಿಸಿಕೊಳ್ಳಬಹುದಾ? ಫಾಲ್ಸ್ ಸೀಲಿಂಗ್ ಮೇಲೂ ಮುಕ್ಕಾಲು ಮೀಟರ್ ಖಾಲಿ ಇದೆ.

ಮೈಸೂರು_ಎಂಇಪಿ

ಸೀಲಿಂಗ್ ಮೇಲಿನದ್ದು ಬಿಡಿ. ನಿಮ್ಮದು ಕ್ಯಾಸೆಟ್, ಗಾಳಿ ರೂಮಿಂದಲೇ ಎಳೆದು ರೂಮಿಗೇ ಬಿಡುತ್ತೆ. ಸೀಲಿಂಗ್ ಮೇಲಿನ ಜಾಗದಿಂದ ರಿಟರ್ನ್ ಏರ್ ಹೋಗುವ ಹಾಗಿದ್ದರೆ ಮಾತ್ರ ಅದನ್ನು ಸೇರಿಸಬಹುದು.

ಕಾರಿಡಾರ್ ಸೇರಿಸಬಹುದು, ಆದರೆ ಸುಮ್ನೆ ಕಾಗದದ ಮೇಲೆ ಅಲ್ಲ. ಎರಡರ ನಡುವೆ ಯಾವತ್ತೂ ಮುಚ್ಚದ ದಾರಿ ಬೇಕು. ಹಲವು ಕೈಪಿಡಿಗಳಲ್ಲಿರುವ ನಿಯಮ, ಬಾಗಿಲಿನ ಮೇಲೂ ಕೆಳಗೂ ನೆಲದ ಅಳತೆಯ 0.15 ಪರ್ಸೆಂಟ್ ತೆರವು. ನಿಮ್ಮ ನೆಲ 7.2 ಚದರ ಮೀಟರ್. ಅಂದರೆ ಮೇಲೆ 108 ಚದರ ಸೆಂಟಿಮೀಟರ್, ಕೆಳಗೆ 108. ಬಾಗಿಲು 90 ಸೆಂಟಿಮೀಟರ್ ಅಗಲ ಇದ್ದರೆ ಕೆಳಗೆ 12 ಎಂಎಂ ಸಂದು ಬಿಟ್ಟರೆ ಆಯಿತು. ಮೇಲೆ ಅಷ್ಟೇ ಗ್ರಿಲ್.

ಕಾರಿಡಾರ್ 42.1 ಘನಮೀಟರ್, ರೂಮು ಸೇರಿ 60.8. 11.65 ಭಾಗಿಸಿದರೆ 0.19. ಅರ್ಧ ಮಾಡಿದ ಮಿತಿಯೊಳಗೂ ಬಂತು, ಕೂದಲೆಳೆ ಅಂತರದಲ್ಲಿ.

ಕುಡ್ಲ_ಕಮಿಷನಿಂಗ್

ಇಲ್ಲಿ ನನಗೆ ಸಮಾಧಾನ ಇಲ್ಲ. 0.19 ಅನ್ನೋದು ಗ್ಯಾಸು ರೂಮಿಗೂ ಕಾರಿಡಾರಿಗೂ ಸಮವಾಗಿ ಬೆರೆತ ಮೇಲಿನ ಮಾತು. ಆರ್-410ಎ ಗಾಳಿಗಿಂತ ಎರಡೂವರೆ ಪಟ್ಟು ಭಾರ. ಕ್ಯಾಸೆಟ್ಟಿನಿಂದ ಬಿದ್ದದ್ದು ಕೆಳಗಿಳಿದು ನೆಲದ ಮೇಲೆ ಹರಡಿಕೊಳ್ಳುತ್ತೆ. 12 ಎಂಎಂ ಸಂದಿನಲ್ಲಿ ಹೊರಗೂ ಹೋಗುತ್ತೆ ನಿಜ, ಆದರೆ ಜೋರಾಗಿ ಸೋರುವಾಗ ಒಳಗೆ ಬರೋದು ಹೊರಗೆ ಹೋಗೋದಕ್ಕಿಂತ ಜಾಸ್ತಿ. ಹಾಸಿಗೆ ಇರೋದು ಕ್ಯಾಸೆಟ್ಟಿನ ಕೆಳಗೇ. ಅಲ್ಲಿ ಮಲಗಿದವರ ಮೂಗಿನ ಹತ್ತಿರ ಮೊದಲ ಕೆಲವು ನಿಮಿಷ 0.19 ಇರಲ್ಲ.

ನನ್ನ ಕೈಯಲ್ಲಿದ್ದರೆ ಆ ಕ್ಯಾಸೆಟ್ಟನ್ನೇ ವಿಆರ್‌ಎಫ್‌ನಿಂದ ಕಳಚಿ, ರೂಮಿಗೆ ಒಂದು ಟನ್ನಿನ ಬೇರೆ ಸ್ಪ್ಲಿಟ್ ಹಾಕುತ್ತೇನೆ. ಆರ್-32 ಸುಮಾರು 0.8 ಕೆಜಿ ಇರುವ ಮಾಡೆಲ್ ಆರಿಸಿದರೆ 18.72ಕ್ಕೆ 0.043. ಮಿತಿ 0.061. ಮುಗೀತು. ಡಿಟೆಕ್ಟರ್ ಬೇಡ, ಗ್ರಿಲ್ ಬೇಡ, ಬಾಗಿಲು ಕೊಯ್ಯೋದು ಬೇಡ.

ಸೈಟ್_ಸುಮಾ

ಕ್ಲಿನಿಕ್ ಮಾಲೀಕರು ಹೊರಗಡೆ ಇನ್ನೊಂದು ಔಟ್‌ಡೋರ್ ಬೇಡ ಅಂತ ಪಟ್ಟು ಹಿಡಿದಿದ್ದಾರೆ ಸರ್. ಮುಂದಿನ ಗೋಡೆ ಹಾಳಾಗುತ್ತಂತೆ. ಸಂದು, ಗ್ರಿಲ್ ಮಾಡ್ತೀವಿ. ಜೊತೆಗೆ ಲೀಕ್ ಡಿಟೆಕ್ಟರ್ ಹಾಕೋಕೆ ಒಪ್ಪಿದ್ದಾರೆ. ಗುತ್ತಿಗೆದಾರರು ಅದನ್ನ ಸ್ಮೋಕ್ ಡಿಟೆಕ್ಟರ್ ಪಕ್ಕ ಸೀಲಿಂಗಿಗೆ ಹಾಕ್ತೀವಿ ಅಂತಿದ್ದಾರೆ. ಸರಿನಾ?

ಕುಡ್ಲ_ಕಮಿಷನಿಂಗ್

ಸೀಲಿಂಗಿಗೆ ಬೇಡ. ಗ್ಯಾಸು ಕೆಳಗಿಳಿಯುತ್ತೆ ಅಂದೆನಲ್ಲ. ನೆಲದಿಂದ ಒಂದಡಿ ಒಳಗೆ, ಹಾಸಿಗೆ ಪಕ್ಕದ ಗೋಡೆಗೆ ಹಾಕಿಸಿ. ಟ್ರಾಲಿ ಬಡಿಯದ ಹಾಗೆ ಮೇಲೊಂದು ಕವಚ ಇರಲಿ. ಒರೆಸುವಾಗ ನೀರು ಬೀಳದಂತೆಯೂ ನೋಡಿಕೊಳ್ಳಿ.

ಯಾವ ಮಟ್ಟಕ್ಕೆ ಅಲಾರಂ ಇಡಬೇಕು ಅನ್ನೋದರಲ್ಲೂ ಎಡವುತ್ತಾರೆ. ಮಿತಿ 14 ಪರ್ಸೆಂಟ್, ಅಂದರೆ 1,40,000 ಪಿಪಿಎಂ. ಅಲ್ಲಿ ಅಲಾರಂ ಇಟ್ಟರೆ ಹೊಡೆಯುವ ಹೊತ್ತಿಗೆ ಕಥೆ ಮುಗಿದಿರುತ್ತೆ. 1,000 ಪಿಪಿಎಂಗೆ ಇಡಿ. ದಿನವಿಡೀ ಕೆಲಸ ಮಾಡುವವರಿಗೆ ಆರ್-410ಎ ಇಷ್ಟಿದ್ದರೆ ಪರವಾಗಿಲ್ಲ ಅನ್ನುವ ಮಟ್ಟ ಅದು. ನಿಮ್ಮ ರೂಮು ಪೂರ್ತಿ ಬೆರೆತರೂ 1,000 ಪಿಪಿಎಂ ಅಂದರೆ ಕೇವಲ 56 ಗ್ರಾಂ ಗ್ಯಾಸು. 11.65 ಕೆಜಿಯಲ್ಲಿ 56 ಗ್ರಾಂ ಹೋದಾಗಲೇ ಗೊತ್ತಾಗುತ್ತೆ ಅಂದರೆ ಜನರನ್ನ ಹೊರಗೆ ಕರೆದುಕೊಂಡು ಹೋಗೋಕೆ ಸಮಯ ಸಿಗುತ್ತೆ.

ನರ್ಸ್_ಅಕ್ಕ

ನಾನು ಎಸಿ ಕೆಲಸದವಳಲ್ಲ, ಆದರೆ ಇದರ ಜೊತೆ ಕೆಲಸ ಮಾಡಿದವಳು. ನಮ್ಮ ಹಳೇ ಆಸ್ಪತ್ರೆಯ ಒಂದು ರೂಮಿನಲ್ಲಿ ಇಂಥದ್ದೇ ಡಬ್ಬಿ ಇತ್ತು. ಸ್ಪಿರಿಟ್ ಹಾಕಿ ಒರೆಸಿದಾಗೆಲ್ಲ ಕಿರುಚುತ್ತಿತ್ತು. ಹ್ಯಾಂಡ್ ರಬ್ ಬಾಟಲಿ ಹತ್ತಿರ ಇಟ್ಟರೂ ಅಷ್ಟೇ. ಕೊನೆಗೆ ಯಾರೋ ವೈರ್ ಕಿತ್ತು ಪ್ಲಾಸ್ಟರ್ ಅಂಟಿಸಿಬಿಟ್ಟರು. ಅದು ಆಮೇಲೆ ಹಾಗೇ ಇತ್ತು. ಹಾಕೋ ಮೊದಲು ಇದನ್ನ ಯೋಚನೆ ಮಾಡಿ.

ಮೈಸೂರು_ಎಂಇಪಿ

ಅಕ್ಕ ಹೇಳಿದ್ದು ಬಹಳ ಮುಖ್ಯ. ಅದು ಸೆಮಿಕಂಡಕ್ಟರ್ ಸೆನ್ಸರ್ ಇರಬೇಕು. ಅಗ್ಗ, ಆದರೆ ಆಲ್ಕೋಹಾಲ್ ಆವಿಗೂ ಗ್ಯಾಸಿಗೂ ವ್ಯತ್ಯಾಸ ಗೊತ್ತಾಗಲ್ಲ. ಕ್ಲಿನಿಕ್ಕಿಗೆ ಇನ್‌ಫ್ರಾರೆಡ್ ಜಾತಿಯದ್ದು ತಗೊಳ್ಳಿ. ಬೆಲೆ ಜಾಸ್ತಿ, ಸುಳ್ಳು ಅಲಾರಂ ಕಮ್ಮಿ. ಪದೇ ಪದೇ ಸುಳ್ಳು ಹೇಳುವ ಅಲಾರಂ ಇದ್ದೂ ಇಲ್ಲದ ಹಾಗೆ.

ವೈರಿಂಗ್ ಬಗ್ಗೆಯೂ ಒಂದು ಮಾತು. ಡಿಟೆಕ್ಟರಿನ ಕರೆಂಟನ್ನು ಎಸಿಯ ಬ್ರೇಕರ್‌ನಿಂದ ತಗೊಳ್ಳಬೇಡಿ. ಎಸಿ ಆಫ್ ಮಾಡಿದರೂ, ಊರಿಗೇ ಕರೆಂಟ್ ಹೋದರೂ ಪೈಪಿನಲ್ಲಿ ಒತ್ತಡ ಇದ್ದೇ ಇರುತ್ತೆ, ಸೋರಬೇಕಾದ್ದು ಸೋರುತ್ತೆ. ಯುಪಿಎಸ್‌ಗೆ ಕೊಡಿ. ಗಂಟೆ ರೂಮೊಳಗೆ ಒಂದು, ನರ್ಸಿಂಗ್ ಸ್ಟೇಷನ್ನಿನಲ್ಲಿ ಒಂದು. ಒಳಗಿನದ್ದು ಮಂಪರಿನಲ್ಲಿರುವವರಿಗೆ ಉಪಯೋಗ ಇಲ್ಲ, ಹೊರಗಿನದ್ದೇ ಕೆಲಸಕ್ಕೆ ಬರೋದು.

ಹುಬ್ಳಿ_ಕೂಲಿಂಗ್

ಅಲಾರಂ ಹೊಡೆದರೆ ಮುಂದೇನು ಅಂತ ಯಾರೂ ಹೇಳ್ತಿಲ್ಲ. ನನ್ನ ಕೇಳಿದರೆ ತಕ್ಷಣ ಮೇಲೆ ಓಡಿ ಲಿಕ್ವಿಡ್ ವಾಲ್ವ್ ಮುಚ್ಚಿ ಪಂಪ್ ಡೌನ್ ಮಾಡಬೇಕು. ಗ್ಯಾಸೆಲ್ಲ ಔಟ್‌ಡೋರಿಗೆ ಎಳೆದುಕೊಂಡುಬಿಟ್ಟರೆ ಒಳಗೆ ಸೋರೋಕೆ ಏನಿರುತ್ತೆ?

ಕುಡ್ಲ_ಕಮಿಷನಿಂಗ್

ದಯವಿಟ್ಟು ಅದನ್ನ ಮಾಡಬೇಡಿ. ಮಾಡಿ ಅಂತ ಹೇಳಲೂಬೇಡಿ. ಸರ್ಕ್ಯೂಟ್ ಸೋರುತ್ತಿರುವಾಗ ಪಂಪ್ ಡೌನ್ ಮಾಡಿದರೆ ಒಳಗಿನ ಒತ್ತಡ ಇಳಿದು, ಗ್ಯಾಸ್ ಹೊರಗೆ ಬರುತ್ತಿದ್ದ ಅದೇ ತೂತಿಂದ ಗಾಳಿ ಒಳಗೆ ಹೋಗುತ್ತೆ. ಗಾಳಿ ಮತ್ತು ಎಣ್ಣೆ ಕಂಪ್ರೆಸರಿನ ಬಿಸಿಯಲ್ಲಿ ಒತ್ತಿಸಿಕೊಂಡರೆ ಕಂಪ್ರೆಸರ್ ಸಿಡಿಯಬಹುದು. ಕಂಪನಿಗಳ ಕೈಪಿಡಿಯಲ್ಲೇ ಈ ಎಚ್ಚರಿಕೆ ಇದೆ. ಮೇಲಾಗಿ ಉದ್ದ ಪೈಪಿನ ವಿಆರ್‌ಎಫ್‌ನ ಗ್ಯಾಸೆಲ್ಲ ಔಟ್‌ಡೋರಿನಲ್ಲಿ ಹಿಡಿಸೋದೂ ಇಲ್ಲ. ಉಳಿದ ಗ್ಯಾಸನ್ನು ರಿಕವರಿ ಮೆಷಿನ್ ಇಟ್ಟು ಸಿಲಿಂಡರಿಗೆ ತೆಗೆಯಬೇಕು, ತೂಕ ಮಾಡಿ.

ಅಲಾರಂ ಹೊಡೆದಾಗ ಮೊದಲ ಕೆಲಸ ಯಂತ್ರದ್ದಲ್ಲ, ಮನುಷ್ಯರದ್ದು. ನರ್ಸು ಬಾಗಿಲು ಪೂರ್ತಿ ತೆಗೆದು ಹಾಸಿಗೆಯನ್ನು ಚಕ್ರದ ಮೇಲೇ ಹೊರಗೆ ತಳ್ಳಬೇಕು. ಹಾಗಾಗಿ ಚಕ್ರದ ಹಾಸಿಗೆಯೇ ಇರಲಿ, ಬಾಗಿಲೂ ಅದು ಹಾಯುವಷ್ಟಿರಲಿ. ಉಸ್ ಅನ್ನುವ ಶಬ್ದ ಬರ್ತಿದ್ದರೆ ಒಳಗೆ ಬಗ್ಗಿ ಏನನ್ನೂ ಹುಡುಕಬೇಡಿ, ನೆಲದ ಹತ್ತಿರ ಗಾಳಿ ಕೆಟ್ಟಿರುತ್ತೆ. ರೂಮಿನಲ್ಲಿ ಸ್ಟೆರಿಲೈಜರ್, ಹೀಟರ್ ಥರದ್ದು ಏನಾದರೂ ಕಾದಿದ್ದರೆ ಹೊರಗಿನ ಸ್ವಿಚ್ಚಿನಿಂದ ಆರಿಸಿ. ಈ ಗ್ಯಾಸು ಕಾದ ಲೋಹ, ಬೆಂಕಿ ಮುಟ್ಟಿದರೆ ಒಡೆದು ಕಣ್ಣು ಗಂಟಲು ಸುಡುವ ಆಮ್ಲ ಆಗುತ್ತೆ. ಆಮೇಲೆ ಎಸಿ ಆಫ್, ಟೆಕ್ನಿಷಿಯನ್‌ಗೆ ಫೋನ್. ಡಿಟೆಕ್ಟರ್ ಅಂಕಿ ಕೆಳಗಿಳಿದು ನಿಂತ ಮೇಲೇ ಒಳಗೆ.

ಡಿಟೆಕ್ಟರಿಗೆ ಒಂದು ಎಕ್ಸಾಸ್ಟ್ ಫ್ಯಾನ್ ಜೋಡಿಸಿ. ಫ್ಯಾನಿನ ಬಾಯಿ ನೆಲದ ಹತ್ತಿರ, ಗಾಳಿ ಹೊರಗೋಡೆಯಾಚೆ. ಕಾರಿಡಾರಿಗೆ ಬಿಟ್ಟರೆ ಅರ್ಥ ಇಲ್ಲ. ಮೇಲಿನ ಗ್ರಿಲ್ಲಿನಿಂದ ಒಳಗೆ ಗಾಳಿ ಬಂದರೆ ಮಾತ್ರ ಅದು ಎಳೆಯುತ್ತೆ ಅನ್ನೋದು ನೆನಪಿರಲಿ.

ಮೈಸೂರು_ಎಂಇಪಿ

ಆ ರೂಮಿಗೆ ಹೋಗುವ ಪೈಪಿನ ಕೊಂಬೆಗೆ, ಲಿಕ್ವಿಡ್ ಮತ್ತು ಗ್ಯಾಸ್ ಎರಡೂ ಪೈಪಿಗೆ ಕರೆಂಟ್ ಹೋದರೆ ತಾನೇ ಮುಚ್ಚುವ ವಾಲ್ವ್ ಹಾಕಿ ಡಿಟೆಕ್ಟರಿಗೆ ಕಟ್ಟಬಹುದು. ಆಗ ಒಳಗೆ ಸೋರೋದು ಆ ಕ್ಯಾಸೆಟ್ಟು ಮತ್ತು ಅದರ ಕೊಂಬೆಯಲ್ಲಿರೋದು ಮಾತ್ರ. ಹುಬ್ಳಿಯವರ ಭಾಗಾಕಾರಕ್ಕೆ ಆಗ ಸ್ವಲ್ಪ ಅರ್ಥ ಬರುತ್ತೆ 🙂 ಆದರೆ ಎಸಿ ಕಂಪನಿ ಒಪ್ಪಿದ ವಾಲ್ವೇ ಆಗಬೇಕು. ಬಜಾರಿನಲ್ಲಿ ಸಿಕ್ಕ ಸೊಲೆನಾಯ್ಡ್ ಹಾಕಿದರೆ ಎಣ್ಣೆ ವಾಪಸ್ ಬರೋದಕ್ಕೆ ತೊಂದರೆ, ವಾರಂಟಿಯೂ ಹೋಗುತ್ತೆ.

ಹುಬ್ಳಿ_ಕೂಲಿಂಗ್

ಪಂಪ್ ಡೌನ್ ವಿಷಯ ಕೈಪಿಡಿ ತೆಗೆದು ನೋಡಿದೆ, ಎಚ್ಚರಿಕೆ ಇದೆ. ಸರಿ. ಆದರೆ ನನ್ನ ಕಡೆಯಿಂದಲೂ ಒಂದು. ನೀವೆಲ್ಲ 11.65 ಅಂತಿದ್ದೀರಿ, ಅದು ಕಾಗದದ ಅಂಕಿ. ಸೈಟಲ್ಲಿ ಹುಡುಗರು ಎಷ್ಟು ತುಂಬ್ತಾರೆ ಗೊತ್ತಾ? ತಕ್ಕಡಿ ಇರಲ್ಲ, ಗೇಜ್ ನೋಡಿ "ಇನ್ನೂ ಸ್ವಲ್ಪ ಬಿಡು" ಅಂತ ಬಿಡ್ತಾರೆ. ಸಿಲಿಂಡರ್ ತೂಕ ತುಂಬುವ ಮೊದಲು ಮತ್ತು ಆದಮೇಲೆ ಬರೆಸಿ, ನಿಮ್ಮ ಕಣ್ಣೆದುರೇ. ಎಷ್ಟು ಸೇರಿಸಿದ್ರು ಅಂತ ಔಟ್‌ಡೋರ್ ಬಾಗಿಲ ಒಳಗಿನ ಸ್ಟಿಕ್ಕರ್ ಮೇಲೆ ಮಾರ್ಕರಿನಲ್ಲಿ ಬರೆಸಿ.

ಕುಡ್ಲ_ಕಮಿಷನಿಂಗ್

ಈ ಮಾತಿಗೆ ನೂರಕ್ಕೆ ನೂರು. ನಿಮ್ಮ 0.19ಕ್ಕೂ 0.21ಕ್ಕೂ ನಡುವೆ ಇರೋದು ಒಂದು ಕೆಜಿ ಚಿಲ್ಲರೆ ಅಷ್ಟೇ. 12.77 ಕೆಜಿ ದಾಟಿದರೆ ಕಾರಿಡಾರ್ ಸೇರಿಸಿದರೂ ಅರ್ಧ ಮಿತಿ ಮೀರುತ್ತೆ. ಗೇಜ್ ನೋಡಿ ತುಂಬಿದರೆ ಅಷ್ಟು ಸುಲಭವಾಗಿ ಹೆಚ್ಚಾಗಬಹುದು. ಪೈಪಿನ ದಾರಿ ಬದಲಾಗಿ ಉದ್ದ ಜಾಸ್ತಿ ಆದರೂ ಅಷ್ಟೇ, ಲೆಕ್ಕ ಮತ್ತೆ ಹಾಕಬೇಕು.

ಸೈಟ್_ಸುಮಾ

ಪೈಪ್ ದಾರಿ ನಿನ್ನೆಯೇ ಬದಲಾಗಿದೆ ಸರ್, ಲಿಫ್ಟ್ ಶಾಫ್ಟ್ ಅಡ್ಡ ಬಂತು ಅಂತ 9.52 ಪೈಪು ಎಂಟು ಮೀಟರ್ ಜಾಸ್ತಿ ಆಯಿತು. ಅಂದರೆ ಇನ್ನೂ 0.47 ಕೆಜಿ, ಒಟ್ಟು 12.12. ಕಾರಿಡಾರ್ ಸೇರಿ 0.199. ದಾಟಿಲ್ಲ, ಆದರೆ ಅಂಚಿಗೆ ಬಂದಿದ್ದೇವೆ. ಕಾರಿಡಾರಿನ ಮಧ್ಯೆ ಫೈರ್ ಡೋರ್ ಒಂದು ಇದೆ ಅಂತ ಈಗ ನೆನಪಾಯಿತು, ಆರ್ಕಿಟೆಕ್ಟ್ ಡ್ರಾಯಿಂಗಿನಲ್ಲಿ ಮುಚ್ಚಿರುವಂತೆ ತೋರಿಸಿದ್ದಾರೆ. ಹಾಗಾದರೆ ಕಾರಿಡಾರಿನ ಜಾಗ ಪೂರ್ತಿ ಲೆಕ್ಕಕ್ಕೆ ಬರುತ್ತಾ?

ಮೈಸೂರು_ಎಂಇಪಿ

ಬರಲ್ಲ. ಮುಚ್ಚಿರುವ ಬಾಗಿಲಿನ ಆಚೆಗಿನದ್ದು ಬಿಟ್ಟು ಈಚೆಗಿನ ಉದ್ದ ಮಾತ್ರ. ಫೈರ್ ಡೋರ್ ನಿಮ್ಮ ರೂಮಿನ ಬಾಗಿಲಿನಿಂದ ಎಷ್ಟು ದೂರ ಅಂತ ಅಳತೆ ಹಾಕಿ. 9 ಮೀಟರ್ ಬದಲು ಅರ್ಧ ಆದರೆ 12.12 ಕೆಜಿಗೆ ಘನಮೀಟರಿಗೆ 0.3 ಹತ್ತಿರ ಬರುತ್ತೆ. ಆಗ 0.42 ಹಿಡಿದರೆ ಪಾಸ್, ಅರ್ಧ ಮಿತಿ ಹಿಡಿದರೆ ಫೇಲ್. ಸಂದಿನ ಲೆಕ್ಕ ಬಿಟ್ಟು ವಾಲ್ವಿನ ಕೊಟೇಷನ್ ಈಗಲೇ ತರಿಸಿ.

ಕುಡ್ಲ_ಕಮಿಷನಿಂಗ್

ಇಲ್ಲಾ ಮಾಲೀಕರಿಗೆ ಆ ಸ್ಪ್ಲಿಟ್ಟಿನ ಔಟ್‌ಡೋರನ್ನು ಹಿಂದಿನ ಗೋಡೆಗೆ ಹಾಕಬಹುದು ಅಂತ ಇನ್ನೊಮ್ಮೆ ಹೇಳಿ ನೋಡಿ. ಎರಡು ವಾಲ್ವು, ಡಿಟೆಕ್ಟರು, ಫ್ಯಾನಿನ ಒಟ್ಟು ಖರ್ಚನ್ನ ಅದೇ ಹಾಳೆಯಲ್ಲಿ ಪಕ್ಕಕ್ಕೆ ಬರೆದು ಕೊಡಿ. ಡಿಟೆಕ್ಟರಿಗೆ ಪ್ರತಿ ವರ್ಷ ಟೆಸ್ಟ್ ಗ್ಯಾಸ್ ಹಿಡಿದು ನೋಡುವ ಖರ್ಚನ್ನೂ ಸೇರಿಸಿ, ಅದನ್ನ ಎಲ್ಲರೂ ಮರೆಯುತ್ತಾರೆ.